ಎರಡು ಪೆಟ್ಟಿಗೆ, ಒಂದು ವಾಲಿದ ಫೋಟೋ: ಎ ಮತ್ತು ಬಿ ವಿಭಾಗದ ಅಂಕಗಳ ಪ್ರಕರಣ

ಪ್ರಶ್ನೆ ಚಿಕ್ಕದು. ಎ ಮತ್ತು ಬಿ ಎಂಬ ಎರಡು ವಿಭಾಗಗಳ ವಿದ್ಯಾರ್ಥಿಗಳು ಒಂದೇ ಪರೀಕ್ಷೆಯಲ್ಲಿ ನೂರಕ್ಕೆ ಪಡೆದ ಅಂಕಗಳ ಬಾಕ್ಸ್ ಪ್ಲಾಟ್ ಕೊಟ್ಟಿದೆ. ಹರವು, ಅವು ಒಂದು ಕಡೆಗೆ ಬಾಲ ಚಾಚಿದ ಓರೆ ಮತ್ತು ಗುಂಪಿನಿಂದ ದೂರ ಬಿದ್ದ ಅಂಕಗಳಾದ ಔಟ್‌ಲೈಯರ್‌ಗಳನ್ನು ಗಮನಿಸಿ ಎರಡನ್ನೂ ಹೋಲಿಸಬೇಕು. ಪದವಿ ಮೊದಲ ವರ್ಷದ ವಿದ್ಯಾರ್ಥಿನಿಯೊಬ್ಬಳು ಪಠ್ಯಪುಸ್ತಕದ ಆ ಪುಟದ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದ್ದಳು, ಜೊತೆಗೆ ತಾನು ಬರೆದ ಉತ್ತರವನ್ನೂ. ಚಿತ್ರದಲ್ಲಿ ಎಲ್ಲೂ ಅಂಕಿ ಬರೆದಿಲ್ಲ. ಎಡಗಡೆ ನಿಂತ ಅಕ್ಷದ ಮೇಲೆ 0, 20, 40 ಎಂದು ನೂರರವರೆಗೆ ಗುರುತುಗಳಿವೆ, ಸುತ್ತ ಒಂದು ಚೌಕಟ್ಟಿದೆ, ಒಳಗೆ ಎರಡು ಪೆಟ್ಟಿಗೆಗಳಿವೆ. ಅಡ್ಡಗೆರೆಗಳ ಜಾಲರಿ ಇಲ್ಲ. ಎ ಪೆಟ್ಟಿಗೆಯ ಕೆಳಗೆ ಎರಡು ಚುಕ್ಕಿ. ಬಿ ಪೆಟ್ಟಿಗೆಯ ನೆತ್ತಿಯ ಮೇಲೆ, ಚೌಕಟ್ಟಿಗೆ ತಾಗುವಂತೆ, ಮಸುಕಾದ ಇನ್ನೊಂದು ಚುಕ್ಕಿ.

ಅವಳ ಉತ್ತರ ಹೀಗಿತ್ತು: "ಎ ವಿಭಾಗದ ಅಂಕಗಳು ಕೆಳಗಿನ ಚುಕ್ಕಿಯಿಂದ ಮೇಲಿನವರೆಗೆ ಹೆಚ್ಚು ಜಾಗ ಹಿಡಿದಿವೆ, ಆದ್ದರಿಂದ ಎ ವಿಭಾಗದ ಹರವು ಹೆಚ್ಚು. ಬಿ ಪೆಟ್ಟಿಗೆಯಲ್ಲಿ ಮಧ್ಯದ ಗೆರೆಯ ಮೇಲಿನ ಭಾಗ ದೊಡ್ಡದು, ಆದ್ದರಿಂದ ಬಿ ವಿಭಾಗದಲ್ಲಿ ಹೆಚ್ಚು ಅಂಕ ಪಡೆದವರೇ ಹೆಚ್ಚು. ಎ ವಿಭಾಗದಲ್ಲಿ ಎರಡು ಔಟ್‌ಲೈಯರ್, ಬಿ ವಿಭಾಗದಲ್ಲಿ ಒಂದು."

ಮೂರು ವಾಕ್ಯ, ಮೂರೂ ತಪ್ಪು. ಆದರೆ ಮೂರೂ ಬೇರೆ ಬೇರೆ ಕಾರಣಕ್ಕೆ ತಪ್ಪಿದ್ದವು, ಹಾಗಾಗಿ ಈ ಪ್ರಕರಣವನ್ನು ವಿವರವಾಗಿ ಬರೆದಿಡುತ್ತಿದ್ದೇನೆ.

ಮೊದಲು ಫೋಟೋ

ಬಾಕ್ಸ್ ಪ್ಲಾಟಿನಲ್ಲಿ ಓದಬೇಕಾದದ್ದು ಐದು ಎತ್ತರಗಳು: ಕೆಳಗಿನ ಮೀಸೆಯ ತುದಿ, ಪೆಟ್ಟಿಗೆಯ ತಳ (Q1), ಒಳಗಿನ ಗೆರೆ ಅಂದರೆ ಮಧ್ಯಾಂಕ, ಪೆಟ್ಟಿಗೆಯ ಮೇಲಂಚು (Q3), ಮೇಲಿನ ಮೀಸೆಯ ತುದಿ. ಮೀಸೆ ಎಂದರೆ ಪೆಟ್ಟಿಗೆಯಿಂದ ಮೇಲಕ್ಕೂ ಕೆಳಕ್ಕೂ ಚಾಚಿದ ಗೆರೆ. Q1, ಮಧ್ಯಾಂಕ, Q3 ಎಂಬ ಮೂರು ಚತುರ್ಥಕಗಳು ಅಂಕಗಳ ಕ್ರಮದಲ್ಲಿ ವಿದ್ಯಾರ್ಥಿಗಳನ್ನು ನಾಲ್ಕು ಸಮಭಾಗ ಮಾಡುತ್ತವೆ. ಪುಸ್ತಕ ಕೈಯಲ್ಲಿದ್ದರೆ ಸ್ಕೇಲ್ ಇಟ್ಟು ಅಳೆದು ಮುಗಿಸಬಹುದು. ಫೋಟೋದಲ್ಲಿ ಹಾಗಾಗುವುದಿಲ್ಲ, ಏಕೆಂದರೆ ಫೋನು ಪುಟಕ್ಕೆ ಸಮಾನಾಂತರವಾಗಿ ನಿಂತಿರುವುದೇ ಅಪರೂಪ. ಇಲ್ಲಿ ಅವಳು ಪುಸ್ತಕವನ್ನು ಮೇಜಿನ ಮೇಲಿಟ್ಟು, ಕುಳಿತಲ್ಲಿಂದಲೇ ಮುಂದಕ್ಕೆ ಬಾಗಿ ಫೋಟೋ ತೆಗೆದಿದ್ದಳು. ಪುಟದ ಮೇಲ್ಭಾಗ ಕ್ಯಾಮೆರಾದಿಂದ ದೂರ, ಕೆಳಭಾಗ ಹತ್ತಿರ.

ಇದು ಕಣ್ಣಿಗೆ ತಕ್ಷಣ ಕಾಣುವುದಿಲ್ಲ, ಗುರುತುಗಳ ನಡುವಿನ ಅಂತರ ಅಳೆದರೆ ಗೊತ್ತಾಗುತ್ತದೆ. ಫೋಟೋವನ್ನು ಕಂಪ್ಯೂಟರಿನಲ್ಲಿ ತೆರೆದು, ಚಿತ್ರದ ಮೇಲಂಚಿನಿಂದ ಪ್ರತಿ ಗುರುತೂ ಎಷ್ಟು ಪಿಕ್ಸೆಲ್ ಕೆಳಗಿದೆ ಎಂದು ನೋಡಿದೆ. 100ರ ಗುರುತು 212ರಲ್ಲಿ, 80ರದು 388ರಲ್ಲಿ, 60ರದು 572ರಲ್ಲಿ, 40ರದು 764ರಲ್ಲಿ, 20ರದು 964ರಲ್ಲಿ, 0 ಗುರುತು 1172ರಲ್ಲಿ. ಅಂದರೆ ಮೇಲಿನ 20 ಅಂಕಕ್ಕೆ 176 ಪಿಕ್ಸೆಲ್, ತಳದ 20 ಅಂಕಕ್ಕೆ 208. ಒಂದೇ ಅಳತೆಯ ಅಂಕ ಕೆಳಗೆ ಹೋದಂತೆಲ್ಲ ದೊಡ್ಡದಾಗಿ ಕಾಣುತ್ತಿದೆ.

ಇಂಥ ಚಿತ್ರದಲ್ಲಿ 0 ಮತ್ತು 100 ಎರಡನ್ನೇ ಹಿಡಿದು ಲೆಕ್ಕ ಹಾಕಿದರೆ ಏನಾಗುತ್ತದೆ ನೋಡಿ. ಒಟ್ಟು 960 ಪಿಕ್ಸೆಲ್, ಅಂಕಕ್ಕೆ 9.6. ಎ ವಿಭಾಗದ ಮಧ್ಯಾಂಕದ ಗೆರೆ 544ರಲ್ಲಿದೆ. ಈ ಲೆಕ್ಕದಂತೆ ಅದು 65.4 ಅಂಕ. ಅದೇ ಗೆರೆಯನ್ನು ಅದರ ಅಕ್ಕಪಕ್ಕದ ಗುರುತುಗಳಾದ 60 ಮತ್ತು 80ರ ನಡುವೆ ಮಾತ್ರ ಅಳೆದರೆ, ಆ ಜಾಗದಲ್ಲಿ ಅಂಕಕ್ಕೆ 9.2 ಪಿಕ್ಸೆಲ್, ಗೆರೆ 60ರ ಗುರುತಿನಿಂದ 28 ಪಿಕ್ಸೆಲ್ ಮೇಲಿದೆ, ಉತ್ತರ 63. ಎರಡೂವರೆ ಅಂಕದಷ್ಟು ವ್ಯತ್ಯಾಸ. ಆದ್ದರಿಂದ ಫೋಟೋದಿಂದ ಓದುವಾಗ ಪ್ರತಿ ಗೆರೆಯನ್ನೂ ಅದರ ಮೇಲಿನ ಮತ್ತು ಕೆಳಗಿನ ಗುರುತುಗಳ ನಡುವೆಯೇ ಅಳೆಯಬೇಕು.

ಇದರಲ್ಲೊಂದು ಸ್ವಾರಸ್ಯವಿದೆ. ಪೂರ್ತಿ ಅಕ್ಷ ಹಿಡಿದು ತಪ್ಪಾಗಿ ಓದಿದರೂ ಪೆಟ್ಟಿಗೆಯ ತಳ, ಮಧ್ಯ, ಮೇಲಂಚು ಮೂರೂ ಹೆಚ್ಚುಕಡಿಮೆ ಎರಡು-ಎರಡೂವರೆ ಅಂಕ ಮೇಲಕ್ಕೇ ಜಾರುತ್ತವೆ. Q3ರಿಂದ Q1 ಕಳೆಯುವಾಗ ಆ ತಪ್ಪಿನ ಬಹುಪಾಲು ಹೊರಟುಹೋಗುತ್ತದೆ. ಹರವು ಬಚಾವಾಗುತ್ತದೆ, ಮಧ್ಯಾಂಕ ಬಚಾವಾಗುವುದಿಲ್ಲ.

ಇನ್ನೊಂದು ತೊಂದರೆ ಅಡ್ಡಕ್ಕೆ. ಅಕ್ಷ ಎಡಗಡೆ ಇದೆ, ಬಿ ಪೆಟ್ಟಿಗೆ ಬಲಗಡೆ ದೂರದಲ್ಲಿದೆ. ಫೋಟೋ ಸ್ವಲ್ಪ ತಿರುಗಿದ್ದರೂ ಬಿ ಪೆಟ್ಟಿಗೆಯಿಂದ ಅಕ್ಷಕ್ಕೆ ನೇರ ಗೆರೆ ಎಳೆದು ಓದಿದ್ದು ಸುಳ್ಳಾಗುತ್ತದೆ. ಇದಕ್ಕೆ ಚೌಕಟ್ಟೇ ಸಾಕ್ಷಿ. ತಳದ ಗೆರೆ ಅಕ್ಷದ ಬುಡದಲ್ಲಿ 1172ರಲ್ಲಿದ್ದದ್ದು ಎ ಪೆಟ್ಟಿಗೆಯ ಕೆಳಗೆ 1176ಕ್ಕೆ, ಬಿ ಪೆಟ್ಟಿಗೆಯ ಕೆಳಗೆ 1184ಕ್ಕೆ ಇಳಿದಿತ್ತು. ಮೇಲಿನ ಗೆರೆಯೂ ಅಷ್ಟಷ್ಟೇ ಇಳಿದಿತ್ತು. ಹಾಗಾಗಿ ಎ ಪೆಟ್ಟಿಗೆಯ ಅಳತೆಗಳಿಂದ 4, ಬಿ ಪೆಟ್ಟಿಗೆಯ ಅಳತೆಗಳಿಂದ 12 ಪಿಕ್ಸೆಲ್ ಕಳೆದ ಮೇಲೆಯೇ ಅಕ್ಷದ ಮುಖ ನೋಡಿದೆ. ಮೇಲೆ ಹೇಳಿದ 544 ಹೀಗೆ ಕಳೆದ ಮೇಲಿನದು. ಬಿ ವಿಭಾಗಕ್ಕೆ ಈ ತಿದ್ದುಪಡಿಯ ಬೆಲೆ ಒಂದು ಅಂಕಕ್ಕಿಂತ ತುಸು ಹೆಚ್ಚು. ಫೋನಿನ ಸ್ಕ್ಯಾನ್ ಆ್ಯಪ್‌ನಲ್ಲಿ ಪುಟದ ನಾಲ್ಕು ಮೂಲೆ ಹಿಡಿದು ನೇರ ಮಾಡಿಸಿದರೂ ನಡೆಯುತ್ತದೆ, ಆದರೆ ಆಮೇಲೆ ಗುರುತುಗಳ ಅಂತರ ನಿಜವಾಗಿಯೂ ಸಮನಾಗಿದೆಯೇ ಎಂದು ನೋಡಿಯೇ ಮುಂದುವರಿಯಬೇಕು. ಹೊಲಿಗೆಯ ಹತ್ತಿರ ಉಬ್ಬಿದ ಪುಟವನ್ನು ಮೂಲೆಗಳಷ್ಟೇ ನೇರ ಮಾಡಲಾರವು.

ಇಷ್ಟಾದ ಮೇಲೆ ಸಿಕ್ಕಿದ್ದು ಇದು:

| | ಎ ವಿಭಾಗ | ಬಿ ವಿಭಾಗ |
|---|---|---|
| ಕೆಳಗಿನ ಮೀಸೆಯ ತುದಿ | 41 | 24 |
| Q1 | 56 | 38 |
| ಮಧ್ಯಾಂಕ | 63 | 46 |
| Q3 | 70 | 66 |
| ಮೇಲಿನ ಮೀಸೆಯ ತುದಿ | 86 | 92 |
| ಚುಕ್ಕಿಗಳು | 28, 14 | 97ರ ಬಳಿ ಮಸುಕು ಚುಕ್ಕಿ? |

ಪೆಟ್ಟಿಗೆಯ ಗೆರೆಯ ದಪ್ಪವೇ ಸುಮಾರು ಅರ್ಧ ಅಂಕದಷ್ಟಿದೆ. ಆದ್ದರಿಂದ ಈ ಪ್ರತಿಯೊಂದು ಸಂಖ್ಯೆಯೂ ಒಂದು ಅಂಕ ಆಚೀಚೆ ಇರಬಹುದು ಎಂದಿಟ್ಟುಕೊಂಡೆ. ಈ ಒಂದು ಅಂಕವನ್ನು ಕೊನೆಯವರೆಗೂ ಮರೆಯುವಂತಿಲ್ಲ.

ಹರವು: ಎರಡು ಅಳತೆ, ಎರಡು ತೀರ್ಪು

ಅವಳ ಮೊದಲ ವಾಕ್ಯ ಪೂರ್ತಿ ಆಧಾರವಿಲ್ಲದ್ದೇನಲ್ಲ. ಅತಿ ಹೆಚ್ಚಿನಿಂದ ಅತಿ ಕಡಿಮೆ ಕಳೆದರೆ ಎ ವಿಭಾಗದ ವ್ಯಾಪ್ತಿ 86 − 14 = 72, ಬಿ ವಿಭಾಗದ್ದು 92 − 24 = 68. ಎ ದೊಡ್ಡದು, ಸರಿ. ಆದರೆ ಪೆಟ್ಟಿಗೆಯ ಎತ್ತರ, ಅಂದರೆ ನಡುವಿನ ಅರ್ಧದಷ್ಟು ವಿದ್ಯಾರ್ಥಿಗಳು ಹರಡಿಕೊಂಡ ಜಾಗ, ಎ ವಿಭಾಗದಲ್ಲಿ 70 − 56 = 14, ಬಿ ವಿಭಾಗದಲ್ಲಿ 66 − 38 = 28. ಸರಿಯಾಗಿ ದುಪ್ಪಟ್ಟು.

"ಹಾಗಾದ್ರೆ ಯಾವುದನ್ನ ಬರೀಬೇಕು ಸಾರ್?" ಎಂದು ಕೇಳಿದಳು.

ವ್ಯಾಪ್ತಿಯ 72 ಎಲ್ಲಿಂದ ಬಂತು ಎಂದು ನೋಡಿದರೆ ಉತ್ತರ ಸಿಗುತ್ತದೆ. ಅದು ನಿಂತಿರುವುದು 14 ಅಂಕದ ಒಂದೇ ಒಂದು ಚುಕ್ಕಿಯ ಮೇಲೆ. ಆ ವಿದ್ಯಾರ್ಥಿ ಪರೀಕ್ಷೆಯ ದಿನ ಜ್ವರ ಬಂದು ಮಲಗಿದ್ದರೆ ಎ ವಿಭಾಗದ ವ್ಯಾಪ್ತಿ 58ಕ್ಕೆ ಕುಸಿದು, ತೀರ್ಪೇ ತಿರುಗುತ್ತಿತ್ತು. ಪೆಟ್ಟಿಗೆ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತಿತ್ತು. ಜೊತೆಗೆ ಓದಿನ ತಪ್ಪನ್ನೂ ಲೆಕ್ಕಕ್ಕೆ ತನ್ನಿ. ವ್ಯಾಪ್ತಿಗಳ ನಡುವಿನ ಅಂತರ 4 ಅಂಕ. ಅದರಲ್ಲಿ ಸೇರಿದ ನಾಲ್ಕು ಓದುಗಳಲ್ಲಿ ಒಂದೊಂದೂ ಒಂದು ಅಂಕ ತಪ್ಪಿದರೆ ಆ ಅಂತರ ಸೊನ್ನೆಯೇ ಆಗಬಹುದು. ಪೆಟ್ಟಿಗೆಗಳ ನಡುವಿನ ಅಂತರ 14. ನಾಲ್ಕೂ ಓದು ಕೆಟ್ಟ ದಿಕ್ಕಿಗೇ ತಪ್ಪಿದರೂ 10 ಉಳಿಯುತ್ತದೆ. ಈ ಫೋಟೋದಿಂದ ಧೈರ್ಯವಾಗಿ ಹೇಳಬಹುದಾದದ್ದು ಎರಡನೆಯದನ್ನು ಮಾತ್ರ.

ಹಾಗೆಂದು ವ್ಯಾಪ್ತಿಯನ್ನು ಬಚ್ಚಿಡಬೇಕಿಲ್ಲ. "ವ್ಯಾಪ್ತಿಗಳು ಹತ್ತಿರ ಹತ್ತಿರ ಇವೆ, ಆದರೆ ನಡುವಿನ ಅರ್ಧದ ಹರವು ಬಿ ವಿಭಾಗದಲ್ಲಿ ಎರಡರಷ್ಟು" ಎಂದು ಎರಡನ್ನೂ ಸೇರಿಸಿ ಬರೆದರೆ ಮೌಲ್ಯಮಾಪಕರಿಗೆ ವಿದ್ಯಾರ್ಥಿ ಎರಡನ್ನೂ ನೋಡಿದ್ದಾಳೆ ಎಂದು ಗೊತ್ತಾಗುತ್ತದೆ.

ದೊಡ್ಡ ಭಾಗದಲ್ಲಿ ಹೆಚ್ಚು ಜನ ಇಲ್ಲ

ಎರಡನೆಯ ವಾಕ್ಯದ ತಪ್ಪು ನಾನು ಕಂಡಂತೆ ಬಾಕ್ಸ್ ಪ್ಲಾಟಿನಲ್ಲಿ ಅತಿ ಹೆಚ್ಚು ಜನ ಮಾಡುವ ತಪ್ಪು. ಸ್ತಂಭಚಿತ್ರ ನೋಡಿ ಪಳಗಿದ ಕಣ್ಣು ದೊಡ್ಡ ಆಕಾರ ಕಂಡೊಡನೆ ಅಲ್ಲಿ ಹೆಚ್ಚು ಜನ ಎಂದುಕೊಳ್ಳುತ್ತದೆ. ಬಾಕ್ಸ್ ಪ್ಲಾಟಿನಲ್ಲಿ ನಾಲ್ಕು ತುಂಡುಗಳಿವೆ, ಪ್ರತಿ ತುಂಡಿನಲ್ಲೂ ಸುಮಾರು ಕಾಲುಭಾಗ ವಿದ್ಯಾರ್ಥಿಗಳು. ತುಂಡು ಉದ್ದವಾಗಿದ್ದರೆ ಅಲ್ಲಿ ಅಷ್ಟೇ ಜನ ಹೆಚ್ಚು ಜಾಗದಲ್ಲಿ ಚದುರಿದ್ದಾರೆ ಎಂದರ್ಥ.

ಬಿ ವಿಭಾಗದಲ್ಲಿ 38ರಿಂದ 46ರವರೆಗಿನ 8 ಅಂಕಗಳಲ್ಲಿ ಕಾಲುಭಾಗ ಮಂದಿ ಒತ್ತಾಗಿ ಕೂತಿದ್ದಾರೆ. ಮುಂದಿನ ಕಾಲುಭಾಗ 46ರಿಂದ 66ರವರೆಗೆ 20 ಅಂಕಗಳಲ್ಲಿ ಹರಡಿದೆ. ಅದರ ಮೇಲಿನ ಮೀಸೆ ಇನ್ನೂ 26 ಅಂಕ ಏರುತ್ತದೆ. ಕೆಳಗಿನ ಮೀಸೆ ಇಳಿಯುವುದು 14 ಅಂಕ ಮಾತ್ರ. ಜನ ಕೆಳಗಡೆ ದಟ್ಟವಾಗಿ, ಮೇಲ್ಗಡೆ ವಿರಳವಾಗಿದ್ದಾರೆ, ಬಾಲ ಹೆಚ್ಚು ಅಂಕದ ಕಡೆಗೆ ಚಾಚಿದೆ. ಇದು ಧನ ಓರೆ. ಅವಳು ಬರೆದದ್ದಕ್ಕೆ ಪೂರ್ತಿ ತಿರುಗುಮುರುಗು: ಬಿ ವಿಭಾಗದ ಅರ್ಧದಷ್ಟು ಮಂದಿ 46 ಅಥವಾ ಅದಕ್ಕಿಂತ ಕಡಿಮೆ ಪಡೆದಿದ್ದಾರೆ.

ಓರೆಗೆ ಒಂದು ಸಂಖ್ಯೆಯೂ ಬೇಕೆಂದರೆ ಸಂಖ್ಯಾಶಾಸ್ತ್ರಜ್ಞ ಆರ್ಥರ್ ಬೌಲಿಯವರ ಚತುರ್ಥಕ ಸೂತ್ರವಿದೆ. ಬಾಕ್ಸ್ ಪ್ಲಾಟಿಗೆ ಹೇಳಿ ಮಾಡಿಸಿದಂತಿದೆ, ಏಕೆಂದರೆ ಅದಕ್ಕೆ ಪೆಟ್ಟಿಗೆಯ ಮೂರು ಗೆರೆ ಬಿಟ್ಟು ಬೇರೇನೂ ಬೇಡ:

```
(Q3 + Q1 - 2*M) / (Q3 - Q1)

A: (70 + 56 - 126) / 14 = 0
B: (66 + 38 - 92) / 28 = 12/28 = 0.43
```

ಇಲ್ಲಿ M ಎಂದರೆ ಮಧ್ಯಾಂಕ. ಉತ್ತರ −1ರಿಂದ +1ರ ಒಳಗೇ ಇರುತ್ತದೆ. ಈಗ ಆ ಒಂದು ಅಂಕದ ಅನುಮಾನವನ್ನು ಇದರೊಳಗೆ ತನ್ನಿ. ಮೂರೂ ಗೆರೆಗಳನ್ನು ಒಂದೊಂದು ಅಂಕ ತಪ್ಪಾಗಿ ಓದಿದ್ದರೆ ಭಾಗಿಸುವ ಮುಂಚಿನ ಸಂಖ್ಯೆ ಹೆಚ್ಚೆಂದರೆ 4ರಷ್ಟು ಆಚೀಚೆ ಆಗುತ್ತದೆ, ಮಧ್ಯಾಂಕ ಎರಡು ಬಾರಿ ಬರುವುದರಿಂದ. ಬಿ ವಿಭಾಗದ 12 ಆಗ 8ರಿಂದ 16ರ ನಡುವೆ ಎಲ್ಲೋ ಇರುತ್ತದೆ, ಏನೇ ಆದರೂ ಧನವೇ. ಎ ವಿಭಾಗದ ಸೊನ್ನೆ −4 ಕೂಡ ಆಗಬಹುದು, +4 ಕೂಡ ಆಗಬಹುದು, ಭಾಗಿಸಿದರೆ −0.29ರಿಂದ +0.29. ಆದ್ದರಿಂದ "ಎ ವಿಭಾಗದ ಓರೆ ಸೊನ್ನೆ" ಎಂದು ಬರೆಯುವ ಹಕ್ಕು ಈ ಫೋಟೋ ಕೊಡುವುದಿಲ್ಲ. "ನಡುವಿನ ಅರ್ಧದಲ್ಲಿ ಎದ್ದು ಕಾಣುವ ಓರೆ ಇಲ್ಲ" ಎನ್ನಬಹುದು. ಮೀಸೆಗಳೂ 15 ಮತ್ತು 16 ಅಂಕ ಉದ್ದವಿದ್ದು ಅದನ್ನೇ ಹೇಳುತ್ತವೆ.

ಇಲ್ಲೊಂದು ಮಾತು ಸೇರಿಸಬೇಕು. ಬೌಲಿಯವರ ಸೂತ್ರ ಪೆಟ್ಟಿಗೆಯ ಹೊರಗೆ ಏನು ನಡೆದರೂ ಕಣ್ಣೆತ್ತಿ ನೋಡುವುದಿಲ್ಲ. ಎ ವಿಭಾಗದ ಕೆಳಗಿನ ಎರಡು ಚುಕ್ಕಿಗಳು ಸರಾಸರಿಯನ್ನು ಮಾತ್ರ ಕೆಳಕ್ಕೆ ಎಳೆಯುತ್ತವೆ. ಅದೇ ಅಂಕಗಳನ್ನು ಸರಾಸರಿ ಆಧಾರಿತ ಓರೆಯ ಸೂತ್ರಕ್ಕೆ ಹಾಕಿದರೆ ಋಣ ಉತ್ತರ ಬರುವ ಸಾಧ್ಯತೆಯೇ ಹೆಚ್ಚು. ಎ ವಿಭಾಗ "ಸಮಮಿತ, ಆದರೆ ಕೆಳಗೆ ಎರಡು ಒಂಟಿ ಅಂಕಗಳಿವೆ" ಎಂದು ಬಿಡಿಸಿ ಹೇಳುವುದು ಒಂದೇ ಸಂಖ್ಯೆ ಕೊಟ್ಟು ಸುಮ್ಮನಾಗುವುದಕ್ಕಿಂತ ಮೇಲು.

ಚುಕ್ಕಿಗಳ ವಿಚಾರಣೆ

ಮೀಸೆಯ ತುದಿ ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಎಲ್ಲ ಪುಸ್ತಕಗಳೂ ಒಂದೇ ನಿಯಮ ಪಾಲಿಸುವುದಿಲ್ಲ. ಕೆಲವು ಅತಿ ಕಡಿಮೆ ಮತ್ತು ಅತಿ ಹೆಚ್ಚಿನ ಅಂಕದವರೆಗೂ ಎಳೆಯುತ್ತವೆ, ಅಲ್ಲಿ ಚುಕ್ಕಿಗಳೇ ಇರುವುದಿಲ್ಲ. ಕೆಲವು ಶೇಕಡಾ 5 ಮತ್ತು 95ರಲ್ಲಿ, ಅಂದರೆ ಎರಡೂ ತುದಿಯ ಶೇಕಡಾ 5 ಮಂದಿಯನ್ನು ಹೊರಗಿಟ್ಟು, ನಿಲ್ಲಿಸುತ್ತವೆ. ಹೆಚ್ಚು ಬಳಕೆಯಲ್ಲಿರುವುದು ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ ಹಾಕಿಕೊಟ್ಟ ನಿಯಮ. ಬಾಕ್ಸ್ ಪ್ಲಾಟನ್ನು ಬಳಕೆಗೆ ತಂದವರೂ ಅವರೇ. ಪೆಟ್ಟಿಗೆಯ ಎತ್ತರದ ಒಂದೂವರೆ ಪಟ್ಟನ್ನು ಎರಡೂ ಕಡೆ ಅಳೆದು ಬೇಲಿ ಹಾಕುವುದು. ಬೇಲಿಯ ಒಳಗಿರುವ ಕೊನೆಯ ಅಂಕದವರೆಗೆ ಮೀಸೆ, ಬೇಲಿ ದಾಟಿದವರಿಗೆ ಚುಕ್ಕಿ.

ಈ ಪುಸ್ತಕ ಯಾವ ನಿಯಮ ಬಳಸಿದೆ ಎಂದು ಆ ಪುಟದಲ್ಲಿ ಬರೆದಿರಲಿಲ್ಲ. ಆದರೆ ಚಿತ್ರವೇ ಬಾಯಿಬಿಡುತ್ತದೆ. ಚುಕ್ಕಿಗಳಿವೆ ಎಂದರೆ ಮೊದಲ ನಿಯಮ ಅಲ್ಲ. ಶೇಕಡಾ 5-95ರ ನಿಯಮವಾಗಿದ್ದರೆ ಎ ವಿಭಾಗದಲ್ಲಿ ಕೆಳಗೆ ಚುಕ್ಕಿ ಇದ್ದಂತೆ ಮೇಲೂ ಇರಬೇಕಿತ್ತು, ಏಕೆಂದರೆ ಆ ನಿಯಮ ಎರಡೂ ತುದಿಯಿಂದ ಅಷ್ಟಷ್ಟೇ ಮಂದಿಯನ್ನು ಹೊರಗಿಡುತ್ತದೆ. ಮೇಲೆ ಒಂದೂ ಇಲ್ಲ. ಉಳಿದದ್ದು ಟ್ಯೂಕಿ ನಿಯಮ, ಅದನ್ನು ಒರೆಗೆ ಹಚ್ಚೋಣ. ಎ ವಿಭಾಗದಲ್ಲಿ 14ರ ಒಂದೂವರೆ ಪಟ್ಟು 21. ಕೆಳಗಿನ ಬೇಲಿ 56 − 21 = 35, ಮೇಲಿನದು 70 + 21 = 91. ಮೀಸೆಗಳು 41 ಮತ್ತು 86ರಲ್ಲಿ ನಿಂತಿವೆ, ಎರಡೂ ಬೇಲಿಯ ಒಳಗೆ. ಚುಕ್ಕಿಗಳು 28 ಮತ್ತು 14ರಲ್ಲಿವೆ, ಎರಡೂ ಹೊರಗೆ. ತಾಳೆಯಾಯಿತು.

ಬೇಲಿ 35ಕ್ಕೇ ಬಂದದ್ದು ಕಾಕತಾಳೀಯ. ನಮ್ಮಲ್ಲಿ ದಶಕಗಳ ಕಾಲ ಪಾಸಿನ ಗೆರೆ ಅದೇ ಆಗಿದ್ದರಿಂದ ಅವಳು "ಹಾಗಾದ್ರೆ ಫೇಲಾದವರೇ ಔಟ್‌ಲೈಯರ್ರಾ ಸಾರ್?" ಎಂದಳು. ಸಂಬಂಧವಿಲ್ಲ. ಪೆಟ್ಟಿಗೆ ಇನ್ನೆರಡು ಅಂಕ ಅಗಲವಾಗಿದ್ದರೂ ಬೇಲಿ ಬೇರೆ ಕಡೆ ಬೀಳುತ್ತಿತ್ತು.

ಈಗ ಬಿ ವಿಭಾಗದ ಮಸುಕು ಚುಕ್ಕಿ. 28ರ ಒಂದೂವರೆ ಪಟ್ಟು 42. ಮೇಲಿನ ಬೇಲಿ 66 + 42 = 108, ಕೆಳಗಿನದು 38 − 42 = −4. ನೂರಕ್ಕೆ ನಡೆದ ಪರೀಕ್ಷೆಯಲ್ಲಿ 108 ದಾಟುವವರು ಯಾರು, ಸೊನ್ನೆಗಿಂತ ಕೆಳಗಿಳಿಯುವವರು ಯಾರು? ಈ ನಿಯಮದಂತೆ ಬಿ ವಿಭಾಗದಲ್ಲಿ ಔಟ್‌ಲೈಯರ್ ಇರಲು ಸಾಧ್ಯವೇ ಇಲ್ಲ. 97 ಪಡೆದವರು ನಿಜಕ್ಕೂ ಇದ್ದಿದ್ದರೆ ಮೀಸೆಯೇ 97ರವರೆಗೆ ಹೋಗುತ್ತಿತ್ತು. ಪುಟ ತಿರುಗಿಸಿ ನೋಡಲು ಹೇಳಿದೆ. ಹಿಂಬದಿಯ ಶೀರ್ಷಿಕೆಯ ದಪ್ಪ ಅಕ್ಷರದ ಮಸಿ ತೆಳು ಕಾಗದದ ಮೂಲಕ ಇಣುಕಿತ್ತು. ಎ ವಿಭಾಗದ ಚುಕ್ಕಿಗಳು ಅಂಚು ಸ್ಪಷ್ಟವಾದ ಟೊಳ್ಳು ವೃತ್ತಗಳು, ಇದು ಅಂಚಿಲ್ಲದ ಕಂದು ಕಲೆ. ಫೋಟೋವನ್ನು ದೊಡ್ಡದು ಮಾಡಿ ನೋಡಿದ್ದರೂ ಗೊತ್ತಾಗುತ್ತಿತ್ತು, ಆದರೆ ಬೇಲಿಯ ಲೆಕ್ಕ ಅದಕ್ಕಿಂತ ಗಟ್ಟಿ ಪುರಾವೆ.

ನನಗೆ ಈ ಚಿತ್ರದಲ್ಲಿ ಅತ್ಯಂತ ಮುಖ್ಯ ಎನಿಸಿದ್ದು ಇದರ ಮುಂದಿನ ಮಾತು. ಎ ವಿಭಾಗದಲ್ಲಿ 28 ಪಡೆದವರು ಔಟ್‌ಲೈಯರ್. ಬಿ ವಿಭಾಗದಲ್ಲಿ 24 ಪಡೆದವರು ಮೀಸೆಯ ತುದಿಯಲ್ಲಿ ಸದ್ದಿಲ್ಲದೆ ಕೂತಿದ್ದಾರೆ. ನಾಲ್ಕು ಅಂಕ ಕಡಿಮೆ ಪಡೆದವರಿಗೆ ಚುಕ್ಕಿ ಇಲ್ಲ, ಏಕೆಂದರೆ ಅವರ ತರಗತಿಯೇ ಅಷ್ಟು ಹರಡಿದೆ. ಔಟ್‌ಲೈಯರ್ ಎನ್ನುವುದು ತನ್ನದೇ ಗುಂಪಿನಿಂದ ಎಷ್ಟು ದೂರ ಎಂಬ ಲೆಕ್ಕ, ಅಂಕ ಎಷ್ಟು ಕೆಟ್ಟದ್ದು ಎಂಬುದರ ಲೆಕ್ಕ ಅಲ್ಲ. ಚುಕ್ಕಿ ಇರುವ ವಿಭಾಗಕ್ಕೇ ವಿಶೇಷ ತರಗತಿ ಬೇಕು ಎಂದು ಯಾರಾದರೂ ಈ ಚಿತ್ರ ನೋಡಿ ತೀರ್ಮಾನಿಸಿದರೆ ತಪ್ಪು ಕೋಣೆಗೆ ಮೇಷ್ಟರನ್ನು ಕಳಿಸಿದಂತಾಗುತ್ತದೆ: ಎ ವಿಭಾಗದಲ್ಲಿ 41ಕ್ಕಿಂತ ಕೆಳಗೆ ಎರಡು ಚುಕ್ಕಿ ಬಿಟ್ಟರೆ ಯಾರೂ ಇಲ್ಲ, ಬಿ ವಿಭಾಗದಲ್ಲಿ ಕಾಲುಭಾಗ ಮಂದಿ 38 ಅಥವಾ ಅದಕ್ಕಿಂತ ಕೆಳಗಿದ್ದಾರೆ. ಎರಡು ಚುಕ್ಕಿ ಎಂದರೆ ಎರಡೇ ವಿದ್ಯಾರ್ಥಿಗಳು ಎಂದೂ ಖಚಿತವಲ್ಲ. ಇಬ್ಬರಿಗೆ ಒಂದೇ ಅಂಕ ಬಂದಿದ್ದರೆ ಚುಕ್ಕಿಗಳು ಒಂದರ ಮೇಲೊಂದು ಕೂರುತ್ತವೆ.

ಪೆಟ್ಟಿಗೆಯೊಳಗೆ ಕಾಣದ್ದು

ಉತ್ತರ ತಿದ್ದುವ ಮುನ್ನ ಅವಳು ಇನ್ನೊಂದು ವಾಕ್ಯ ಸೇರಿಸಲು ಹೊರಟಿದ್ದಳು: "ಬಿ ವಿಭಾಗದಲ್ಲಿ ಅಂಕಗಳು 46ರಿಂದ 66ರವರೆಗೆ ಸಮನಾಗಿ ಹರಡಿವೆ." ಅದಕ್ಕೆ ತಡೆ ಹಾಕಿದೆ. ಒಂಬತ್ತೊಂಬತ್ತು ಅಂಕಗಳ ಈ ಎರಡು ಪಟ್ಟಿಗಳನ್ನು ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ಬಳಸುವ R ಎಂಬ ಕಂಪ್ಯೂಟರ್ ಭಾಷೆಗೆ ಕೊಟ್ಟು ನೋಡಲು ಹೇಳಿದೆ. ಅದರ `fivenum` ಆಜ್ಞೆ ಪೆಟ್ಟಿಗೆಗೆ ಬೇಕಾದ ಐದು ಸಂಖ್ಯೆಗಳನ್ನು ಕೊಡುತ್ತದೆ:

```r
b1 <- c(24, 30, 38, 42, 46, 56, 66, 78, 92)
b2 <- c(24, 37, 38, 45, 46, 47, 66, 67, 92)
fivenum(b1)   # 24 38 46 66 92
fivenum(b2)   # 24 38 46 66 92
```

ಎರಡರ ಬಾಕ್ಸ್ ಪ್ಲಾಟೂ ಅಚ್ಚು ಒಂದೇ. ಮೊದಲ ಪಟ್ಟಿಯಲ್ಲಿ ಅಂಕಗಳು ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ. ಎರಡನೆಯದರಲ್ಲಿ 47 ಮತ್ತು 66ರ ನಡುವೆ ಒಬ್ಬರೂ ಇಲ್ಲ. ಒಂದು ಗುಂಪು ಕೆಳಗೆ, ಇನ್ನೊಂದು ಮೇಲೆ. ಉದ್ದವಾದ ತುಂಡು ವಿರಳ ಜನಸಂಖ್ಯೆಯನ್ನು ಹೇಳುತ್ತದೆಯೇ ಹೊರತು ಅವರು ಅದರೊಳಗೆ ಹೇಗೆ ಕೂತಿದ್ದಾರೆ ಎಂಬುದನ್ನಲ್ಲ. ಸರಾಸರಿಯೂ ಪೆಟ್ಟಿಗೆಯಲ್ಲಿ ಇಲ್ಲ, ಎಷ್ಟು ಮಂದಿ ಪರೀಕ್ಷೆ ಬರೆದರು ಎಂಬುದೂ ಇಲ್ಲ.

ಇದೇ ಒಂಬತ್ತು ಅಂಕಗಳಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. `fivenum` ಮಧ್ಯಾಂಕವನ್ನು ಎರಡೂ ಅರ್ಧಗಳಿಗೆ ಸೇರಿಸಿ ಚತುರ್ಥಕ ಹುಡುಕುತ್ತದೆ. ಮಧ್ಯಾಂಕವನ್ನು ಬಿಟ್ಟು ಅರ್ಧ ಮಾಡುವ ಪದ್ಧತಿಯೂ ಇದೆ, ಆಗ ಮೊದಲ ಪಟ್ಟಿಯ Q1 34, Q3 72, ಪೆಟ್ಟಿಗೆಯ ಎತ್ತರ 28ರ ಬದಲು 38. ತರಗತಿ ದೊಡ್ಡದಾದಂತೆ ಈ ವ್ಯತ್ಯಾಸ ಸಾಮಾನ್ಯವಾಗಿ ಸಣ್ಣದಾಗುತ್ತದೆ. ಒಂದೇ ಚಿತ್ರದ ಎರಡು ಪೆಟ್ಟಿಗೆಗಳನ್ನು ಹೋಲಿಸುವಾಗ ಚಿಂತೆಯಿಲ್ಲ, ಎರಡನ್ನೂ ಒಂದೇ ಪದ್ಧತಿಯಲ್ಲಿ ಎಳೆದಿರುತ್ತಾರೆ. ಪುಸ್ತಕದ ಪೆಟ್ಟಿಗೆಯನ್ನು ತನ್ನ ಕಂಪ್ಯೂಟರ್ ಎಳೆದ ಪೆಟ್ಟಿಗೆಯ ಪಕ್ಕ ಇಡುವವರು ಮಾತ್ರ ಪದ್ಧತಿ ಯಾವುದೆಂದು ವಿಚಾರಿಸಿಕೊಳ್ಳಬೇಕು.

ಕೊನೆಗೆ ಅವಳು ಬರೆದ ಉತ್ತರ: "ಚಿತ್ರದಿಂದ ಓದಿದ ಬೆಲೆಗಳು ಅಂದಾಜು, ±1 ಅಂಕ. ಮಧ್ಯಾಂಕ ಎ ವಿಭಾಗದಲ್ಲಿ 63, ಬಿ ವಿಭಾಗದಲ್ಲಿ 46. ವ್ಯಾಪ್ತಿಗಳು (72, 68) ಹತ್ತಿರವಿದ್ದರೂ ಚತುರ್ಥಕಗಳ ನಡುವಿನ ಅಂತರ ಎ ವಿಭಾಗದಲ್ಲಿ 14, ಬಿ ವಿಭಾಗದಲ್ಲಿ 28. ಆದ್ದರಿಂದ ಬಿ ವಿಭಾಗದ ಅಂಕಗಳು ಹೆಚ್ಚು ಹರಡಿವೆ. ಎ ವಿಭಾಗದ ನಡುವಿನ ಅರ್ಧ ಬಹುತೇಕ ಸಮಮಿತ. ಬಿ ವಿಭಾಗದಲ್ಲಿ ಮಧ್ಯಾಂಕ Q1ಗೆ ಹತ್ತಿರವಿದ್ದು ಮೇಲಿನ ಮೀಸೆ ಉದ್ದವಾಗಿರುವುದರಿಂದ ಧನ ಓರೆ ಇದೆ. ಎ ವಿಭಾಗದಲ್ಲಿ 35ರ ಬೇಲಿಯ ಕೆಳಗೆ 28 ಮತ್ತು 14 ಔಟ್‌ಲೈಯರ್‌ಗಳು. ಬಿ ವಿಭಾಗದ ಬೇಲಿಗಳು 0–100ರ ಹೊರಗೆ ಬೀಳುವುದರಿಂದ ಅಲ್ಲಿ ಔಟ್‌ಲೈಯರ್ ಇಲ್ಲ."

ಮಧ್ಯಾಂಕವನ್ನು ಪ್ರಶ್ನೆ ಕೇಳಿರಲಿಲ್ಲ. ಇರಲಿ ಎಂದು ಬಿಟ್ಟೆ. 28ರ ಹರವು 46ರ ಸುತ್ತಲಿನದೋ 63ರ ಸುತ್ತಲಿನದೋ ಎಂದು ಓದುವವರಿಗೆ ಗೊತ್ತಾಗಬೇಕಲ್ಲ.